ಅತ್ತೆಯ ಹೆಸರಿನ ಅರ್ಜಿ, ಒಂಬತ್ತು ಲಗತ್ತು

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಪ್ರತಿ ವರ್ಷ ಹತ್ತನೇ ತರಗತಿಗೆ ಪತ್ರಲೇಖನ ಹೇಳಿಕೊಡುವಾಗ ಎಡಕ್ಕೆ ‘ಇಂದ’, ಅದರ ಕೆಳಗೆ ‘ಗೆ’, ಆಮೇಲೆ ‘ಮಾನ್ಯರೇ’, ‘ವಿಷಯ’ ಎಂದು ಬೋರ್ಡಿನ ಮೇಲೆ ಬರೆದು, ಒಂದು ಅಲ್ಪವಿರಾಮ ಬಿಟ್ಟವರಿಗೂ ಅರ್ಧ ಅಂಕ ಕಳೆದಿದ್ದೇನೆ. ಆ ಸೊಕ್ಕು ಇಳಿದದ್ದು ನನ್ನ ಸ್ವಂತ ಮನೆಯ ಅರ್ಜಿಯಲ್ಲಿ. ಸ್ವಂತ ಮನೆ ಅಂತ ಬಾಯಿಗೆ ಬಂದದ್ದನ್ನು ಬರೆದೆ, ತಪ್ಪು. ಮನೆ ಅತ್ತೆಯದು.

ಆಗ ನಾವು ಕೊಟ್ಟೂರಿನಲ್ಲಿ ಮಹಡಿಯ ಮೇಲೆ ಬಾಡಿಗೆಗೆ ಇದ್ದೆವು. ಮೆಟ್ಟಿಲು ಹತ್ತೊಂಬತ್ತು. ಅತ್ತೆ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯವರು, ಕುರಿ ಕಾಯ್ದು ಬೆಳೆದವರು. ಮಾವ ತೀರಿಕೊಂಡ ಮೇಲೂ ಹಿಂಡು ಬಿಡದೆ ಸಾಕಿ, ಕೊನೆಗೆ ಅದನ್ನು ಮಾರಿ ಕೊಟ್ಟೂರಿನ ಅಂಚಿನ ಬಡಾವಣೆಯಲ್ಲಿ ಒಂದು ಸೈಟು ಕೊಂಡು ತಮ್ಮ ಹೆಸರಿಗೇ ನೋಂದಣಿ ಮಾಡಿಸಿದ್ದರು. ಅರ್ಜಿ ಹಾಕುವ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಮೇಲಕ್ಕೆ ಎತ್ತಿಕೊಂಡು ಬಂದು ಮಂಚದ ಮೇಲೆ ಕೂಡಿಸಿದ ದಿನದಿಂದ ಅವರು ನೆಲ ಕಂಡಿರಲಿಲ್ಲ. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು. ಮೆಟ್ಟಿಲು ಮಾತ್ರ ಸಾಧ್ಯವಿರಲಿಲ್ಲ. ಬೆಳಿಗ್ಗೆ ಮಹಡಿಯ ಅಂಚಿನ ಕಟಾಂಜನದ ಹತ್ತಿರ ಕುರ್ಚಿ ಹಾಕಿಸಿಕೊಂಡು, ಕೆಳಗೆ ಹೋಗುವ ತರಕಾರಿಯವಳನ್ನೂ ಹಾಲಿನವನನ್ನೂ ಕೂಗಿ ಕೂಗಿ ಮಾತಾಡಿಸುತ್ತಿದ್ದರು.

“ನೆಲಕ್ಕ ಕಾಲು ಊರಿದ್ರ ನಾನು ಮೊದಲಿನಂಗ ಆಕ್ಕೀನಿ ನೋಡವ್ವಾ,” ಅನ್ನುತ್ತಿದ್ದರು.

ಹಾಗಾಗಿ ಮನೆ ಕಟ್ಟುವುದು ಎಂದು ನಿರ್ಧಾರವಾಯಿತು. ಎಲ್ಲವೂ ನೆಲದ ಮೇಲೆ, ಒಂದೂ ಮೆಟ್ಟಿಲಿಲ್ಲ, ಬಾಗಿಲು ಅಗಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಗಂಡ ಸ್ಪ್ಯಾನರ್ ಹಿಡಿದರೆ ಬಸ್ಸನ್ನೇ ಬಿಚ್ಚಿ ಹಾಕುವ ಮನುಷ್ಯ. ಕಾಗದ ಕಂಡರೆ ಮಾತ್ರ ಜ್ವರ. “ಕಾಗದದ ಕೆಲಸ ನಿಂದು, ಕಲ್ಲು ಮಣ್ಣಿನ ಕೆಲಸ ನಂದು,” ಎಂದು ಕೈ ತೊಳೆದುಕೊಂಡರು.

ಮೇಸ್ತ್ರಿ ಮೊದಲೇ ಹೇಳಿದ್ದ. ಆಷಾಢಕ್ಕೆ ಮುಂಚೆ ಪಾಯದ ಪೂಜೆ ಆಗಬೇಕು. ಆಷಾಢದಲ್ಲಿ ಯಾರೂ ಪಾಯ ತೆಗೆಯುವುದಿಲ್ಲ, ಶ್ರಾವಣಕ್ಕೆ ಅವನ ಆಳುಗಳೆಲ್ಲ ಬೇರೆ ಕಡೆ ಒಪ್ಪಿಕೊಂಡಾಗಿದೆ. ತಪ್ಪಿದರೆ ದೀಪಾವಳಿ ದಾಟಿದ ಮೇಲೆಯೇ. ಅಲ್ಲಿಯವರೆಗೆ ಅತ್ತೆ ಕಟಾಂಜನದ ಹತ್ತಿರವೇ.

ಇನ್ನು ಆಯದ ವಿಷಯ. ನಮ್ಮ ಕಡೆ ಮನೆಗೆ ಆಯ ಕೂಡಿಸದೆ, ಅಂದರೆ ಉದ್ದಗಲ ಗುಣಿಸಿ ಶುಭದ ಲೆಕ್ಕ ನೋಡದೆ, ಯಾರೂ ಪಾಯಕ್ಕೆ ದಾರ ಹಿಡಿಯುವುದಿಲ್ಲ. ಅರಸೀಕೆರೆಯಿಂದ ಅತ್ತೆಗೆ ದೂರದ ಅಣ್ಣನಾಗಬೇಕಾದ ಒಬ್ಬ ಅಜ್ಜನನ್ನು ಕರೆಸಿದೆವು. ಎಂಜಿನಿಯರು ಹಾಕಿದ ನಕ್ಷೆಯಲ್ಲಿ ಕಟ್ಟಡ ಇಪ್ಪತ್ನಾಲ್ಕು ಅಡಿ ಅಗಲ, ಮೂವತ್ಮೂರು ಅಡಿ ಉದ್ದ ಇತ್ತು. ಅಜ್ಜ ಬಾಯಲ್ಲೇ ಗುಣಿಸಿ, ಎಂಟರಿಂದ ಭಾಗಿಸಿ, ತಲೆ ಅಲ್ಲಾಡಿಸಿದ.

“ಏನೂ ಉಳಿಯಂಗಿಲ್ಲ. ಇದು ಕಾಕಾಯ, ಕಾಗಿ ಆಯ, ಒಳ್ಳೇದಲ್ಲ. ಒಂದಡಿ ಕಡಿಮಿ ಮಾಡ್ರಿ, ಇಪ್ಪತ್ಮೂರು ಮೂವತ್ಮೂರು. ಏಳು ಉಳೀತೈತಿ. ಗಜಾಯ, ಆನಿ ಇದ್ದಂಗ.”

ಅರಿಸಿನ ಹಚ್ಚಿದ ಚೀಟಿಯ ಮೇಲೆ ಬರೆದೂ ಕೊಟ್ಟ. ಅದನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಪಿನ್ನು ಚುಚ್ಚಿದ್ದಾಯಿತು. ಅಂದಿನಿಂದ ಮನೆಯಲ್ಲಿ ಇಪ್ಪತ್ಮೂರು ಮೂವತ್ಮೂರು ಒಂದು ಮಂತ್ರವಾಗಿಬಿಟ್ಟಿತು. ಬಂದವರಿಗೆಲ್ಲ ಅತ್ತೆ ಅದನ್ನೇ ಹೇಳುವರು. ಗಂಡ ಸ್ನಾನ ಮಾಡುವಾಗಲೂ ಅದನ್ನೇ ಗೊಣಗುತ್ತಿದ್ದರು. ನನಗೆ ಇದೆಲ್ಲದರ ಬಗ್ಗೆ ನಗು. ಒಂದಡಿ ಕಡಿಮೆಯಾದರೆ ಸುತ್ತ ಬಿಡುವ ಜಾಗ ಹೆಚ್ಚಾಗುತ್ತದೆ, ಪಟ್ಟಣ ಪಂಚಾಯಿತಿಗೂ ಒಳ್ಳೆಯದೇ ಎಂದು ಎಂಜಿನಿಯರು ನಕ್ಷೆ ತಿದ್ದಿಕೊಟ್ಟ. ಬಸ್ ಸ್ಟ್ಯಾಂಡಿನ ಹಿಂದೆ ಅವನ ಅಪ್ಪನ ಟ್ರ್ಯಾಕ್ಟರ್ ಗ್ಯಾರೇಜು. ಅದರ ಮಗ್ಗುಲಿಗೆ ಒಂದು ಕಂಪ್ಯೂಟರು ಇಟ್ಟುಕೊಂಡು ಊರ ಅರ್ಧ ಮನೆಗಳ ನಕ್ಷೆ ಹಾಕುವ ಸಾಬರ ಹುಡುಗ. ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕುವುದೂ ಅವನ ಲಾಗಿನ್‌ನಿಂದಲೇ.

“ಟೀಚರ್, ಕವರಿಂಗ್ ಲೆಟರ್ ನನ್ನ ಹತ್ರ ಒಂದು ನಮೂನಿ ಐತಿ, ಹೆಸರು ಬದಲಿ ಮಾಡಿದ್ರ ಸಾಕು,” ಎಂದ.

ನನಗೆ ಅವಮಾನವಾದಂತಾಯಿತು. “ನನಗ ಅರ್ಜಿ ಬರಿಯೋದು ನೀನು ಕಲಸಬ್ಯಾಡಪ್ಪಾ,” ಎಂದೆ.

ಆ ಭಾನುವಾರ ಮಧ್ಯಾಹ್ನ ಚಾಪೆ ಹಾಸಿ, ದಾಖಲೆಗಳನ್ನೆಲ್ಲ ಸುತ್ತ ಹರವಿಕೊಂಡು, ಬಿಳಿ ಹಾಳೆಯ ಮೇಲೆ ಒಳ್ಳೆಯ ಕೈಬರಹದಲ್ಲಿ ಬರೆದೆ. ಅತ್ತೆಯ ಪರವಾಗಿ, ‘ನಾನು’ ಎಂದೇ. “ಮುಖ್ಯಾಧಿಕಾರಿಗಳು, ಪಟ್ಟಣ ಪಂಚಾಯಿತಿ, ಕೊಟ್ಟೂರು, ಇವರಿಗೆ. ಮಾನ್ಯರೇ, ವಿಷಯ: ವಾಸದ ಮನೆ ಕಟ್ಟಲು ನಕ್ಷೆಗೆ ಅನುಮೋದನೆ ಹಾಗೂ ಕಟ್ಟಡ ಪರವಾನಗಿ ನೀಡುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ವ್ಯಾಪ್ತಿಯಲ್ಲಿ ನನ್ನ ಸ್ವಂತ ಹೆಸರಿನಲ್ಲಿರುವ ನಿವೇಶನದಲ್ಲಿ ನೆಲಮಹಡಿಯ ಮನೆಯೊಂದನ್ನು ಕಟ್ಟಲು ಇಚ್ಛಿಸಿದ್ದು...” ಎಂದು ಹೊಳೆಯಂತೆ ಹರಿಯಿತು. ನಿವೇಶನದ ಸಂಖ್ಯೆ, ಅಳತೆ, ಚಕ್ಕುಬಂದಿ ಎಲ್ಲ ಬರೆದು, ಕೆಳಗೆ ‘ಲಗತ್ತುಗಳು’ ಎಂದು ಅಡಿಗೆರೆ ಎಳೆದೆ.

ಒಂಬತ್ತು ಲಗತ್ತು. ನೋಂದಾಯಿತ ಕ್ರಯಪತ್ರದ ನಕಲು ಮೊದಲು, ಅದಿಲ್ಲದೆ ಉಳಿದದ್ದಕ್ಕೆ ಬೆಲೆಯೇ ಇಲ್ಲ. ಪಟ್ಟಣ ಪಂಚಾಯಿತಿಯೇ ಕೊಟ್ಟ ಇ-ಖಾತಾ, ಅಂದರೆ ನಮೂನೆ ಮೂರು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಂದ ಋಣಭಾರ ಪತ್ರ, ಸೈಟಿನ ಮೇಲೆ ಸಾಲಸೋಲ ಇಲ್ಲವೆಂಬುದಕ್ಕೆ. ಈ ಸಾಲಿನ ತೆರಿಗೆ ಕಟ್ಟಿದ ರಶೀದಿ. ಜಮೀನನ್ನು ವಾಸಕ್ಕೆ ಪರಿವರ್ತಿಸಿದ ಆದೇಶವೂ ಬಡಾವಣೆಯ ಅನುಮೋದಿತ ನಕ್ಷೆಯೂ ಸೇರಿ ಒಂದು. ಎಂಜಿನಿಯರ ಸಹಿಯಿರುವ ಕಟ್ಟಡದ ನಕ್ಷೆ. ಅತ್ತೆಯ ಆಧಾರ್ ಪ್ರತಿಯೂ ಭಾವಚಿತ್ರವೂ ಒಂದೇ ಲಗತ್ತು. ಖಾಲಿ ಸೈಟಿನ ಫೋಟೊ, ಮೂಲೆಯಲ್ಲಿ ಯಾರದೋ ಕುರಿ ಮೇಯುತ್ತಿದೆ. ಕೊನೆಯದು, ನಕ್ಷೆಯಂತೆಯೇ ಕಟ್ಟುತ್ತೇನೆ, ರಸ್ತೆಯನ್ನು ಒತ್ತುವರಿ ಮಾಡುವುದಿಲ್ಲ ಎಂದು ಛಾಪಾ ಕಾಗದದ ಮೇಲೆ ನೋಟರಿಯ ಮುಂದೆ ಮಾಡಿಕೊಡುವ ಪ್ರಮಾಣಪತ್ರ. ಅದನ್ನು ಟೈಪು ಮಾಡುವವನಿಗೆ ನನ್ನ ಅರ್ಜಿಯನ್ನೇ ಕೊಟ್ಟು, ವಿವರ ಇದರಿಂದಲೇ ತೆಗೆದುಕೋ ಎಂದೆ. ನೋಟರಿ ವಕೀಲರು ಪರಿಚಯದವರು, ಅತ್ತೆ ಇಳಿಯಲಾರರೆಂದು ತಾವೇ ಮಹಡಿ ಹತ್ತಿ ಬಂದರು.

ಅತ್ತೆಗೆ ಓದು ಬರುವುದಿಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಕೇಳಿದರು.

“ಏನು ಬರದಿ ಯವ್ವಾ? ಒಂದೀಟು ಓದಿ ಹೇಳು.”

ವಕೀಲರು ಕೆಳಗೆ ಸ್ಕೂಟರು ನಿಲ್ಲಿಸಿ ಬಂದಿದ್ದರು. ಒಲೆಯ ಮೇಲೆ ಹಾಲಿತ್ತು. ನನಗೆ ಅವಸರ, ಅದಕ್ಕಿಂತ ಹೆಚ್ಚಾಗಿ ಸೊಕ್ಕು. “ಎಲ್ಲಾ ಸರಿ ಐತಿ ಅತ್ತಿ. ಅದು ಸರ್ಕಾರದ ಭಾಷೆ, ನಿಮಗ ತಿಳಿಯಂಗಿಲ್ಲ. ಒತ್ರಿ,” ಎಂದೆ.

ಒತ್ತಿದರು. ಅವರ ಹೆಬ್ಬೆಟ್ಟಿನ ಮೇಲ್ಗಡೆಯೇ ಟೈಪಾಗಿತ್ತು: ಮೇಲ್ಕಂಡ ವಿಷಯಗಳನ್ನು ಓದಿಸಿ ಕೇಳಿ ತಿಳಿದುಕೊಂಡು ಹೆಬ್ಬೆಟ್ಟಿನ ಗುರುತು ಹಾಕಿರುತ್ತೇನೆ.

ಎಂಜಿನಿಯರು ಎಲ್ಲವನ್ನೂ ಸ್ಕ್ಯಾನ್ ಮಾಡಿ ಏರಿಸಿದ. ಒಂದು ಸೆಟ್ಟನ್ನು ನಾನೇ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಸ್ವೀಕೃತಿ ಪಡೆದು, ಮನೆಗೆ ಬಂದು ಜಂಬದಿಂದ ಚಹಾ ಕುಡಿದೆ. ಐದನೇ ದಿನ ಸ್ಟಾಫ್ ರೂಮಿನಲ್ಲಿದ್ದಾಗ ಎಂಜಿನಿಯರು ಫೋನು ಮಾಡಿದ.

“ಟೀಚರ್, ಫೈಲು ವಾಪಸ್ ಬಂದೈತ್ರಿ. ಅರ್ಜಿಯೊಳಗ, ಪ್ರಮಾಣಪತ್ರದೊಳಗ ಬರದಿರೋ ಸೈಟಿನ ಅಳತಿ ಖಾತಾಕ್ಕ, ಕ್ರಯಪತ್ರಕ್ಕ ಹೊಂದವಲ್ದು ಅಂತ ಹಾಕ್ಯಾರ.”

“ಎಷ್ಟು ಬರದೀನಿ?”

“ಇಪ್ಪತ್ಮೂರು ಮೂವತ್ಮೂರು.”

ಸೈಟು ಮೂವತ್ತು ನಲವತ್ತು. ನಿವೇಶನದ ಅಳತೆ ಎಂದು ಬರೆದು, ಮುಂದೆ ಮನೆಯ ಆಯದ ಅಳತೆ ಇಳಿಸಿದ್ದೆ. ಟೈಪಿನವನು ಅದನ್ನೇ ನಕಲು ಮಾಡಿದ್ದ. ಎಂಜಿನಿಯರಿಗೆ ರೇಗಿದೆ, ನೀನಾದರೂ ನೋಡಬಾರದಿತ್ತೇನೋ ಎಂದು. ಅವನು ಮೆಲ್ಲಗೆ, “ಟೀಚರ್ ಬರದಾರಂದ್ರ ನಾನೇನು ತಿದ್ದೋದು ಅಂತ ಓದಲಿಲ್ರಿ,” ಎಂದ.

ಸಂಜೆ ನೇರ ಕಚೇರಿಗೆ ಹೋದೆ. ಕಡತ ನೋಡುವ ವಿಷಯ ನಿರ್ವಾಹಕಿ ನನ್ನ ವಯಸ್ಸಿನ ಹೆಣ್ಣುಮಗಳು, ಕನ್ನಡಕದ ಮೇಲಿಂದ ನೋಡುವವಳು. ಕೈಬರಹದ ತಪ್ಪು, ನಾನೇ ಹೊಡೆದು ತಿದ್ದಿಕೊಡುತ್ತೇನೆ ಎಂದು ಪೆನ್ನು ತೆಗೆದೆ. ಅವಳು ಕಡತದ ಮೇಲೆ ಅಂಗೈ ಇಟ್ಟಳು.

“ಅರ್ಜಿಯಷ್ಟೇ ಆಗಿದ್ರ ಬ್ಯಾರೆ ಮಾತು. ಇದು ನೋಟರಿ ಆಗಿರೋ ಪ್ರಮಾಣಪತ್ರ ರೀ. ಮಾಲೀಕರೇ ನಮ್ಮ ಸೈಟು ಇಪ್ಪತ್ಮೂರು ಮೂವತ್ಮೂರು ಅಂತ ಪ್ರಮಾಣ ಮಾಡ್ಯಾರ. ಉಳಿದ ಜಾಗ ಎಲ್ಲಿ ಹೋತು? ಯಾರಿಗಾರ ಬಿಟ್ಟುಕೊಟ್ಟಾರೋ, ಪಕ್ಕದವರ ಜೋಡಿ ತಕರಾರು ಐತೋ? ಹಂಗಿದ್ರ ಖಾತಾ ತಿದ್ದುಪಡಿ ಆಗಿ ಬರಬೇಕು. ಇಲ್ಲಾಂದ್ರ ಮಾಲೀಕರನ್ನ ಕರಕೊಂಡು ಬರ್ರಿ, ಅವರ ಬಾಯಿಂದ ಕೇಳಿ ಹೊಸಾದು ತೊಗೊಂತೀನಿ.”

ಖಾತಾ ತಿದ್ದುಪಡಿ ಎಂದರೆ ತಿಂಗಳುಗಟ್ಟಲೆ. ಆಷಾಢಕ್ಕೆ ಎರಡು ವಾರವಿತ್ತು. ಜಗಳ ಕಾದೆ. ಒಬ್ಬ ಮುದುಕಿಯನ್ನು ಮಹಡಿಯಿಂದ ಇಳಿಸಬೇಕೇ, ನಿಮಗೆ ಕರುಣೆ ಇಲ್ಲವೇ ಎಂದೆಲ್ಲ ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ನಾಳಿ ಹನ್ನೊಂದಕ್ಕ ಬರ್ರಿ,” ಎಂದಳು ಅಷ್ಟೇ.

ಆ ಸಿಟ್ಟನ್ನು ಹೊತ್ತುಕೊಂಡು ಮನೆಗೆ ಬಂದವಳು ಸುರಿದದ್ದು ಅತ್ತೆಯ ಮೇಲೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. “ನಿಮ್ಮ ಆಯಾನ ಎಲ್ಲಾ ಹಾಳು ಮಾಡ್ತು ಅತ್ತಿ. ಹಗಲೂ ರಾತ್ರಿ ಇಪ್ಪತ್ಮೂರು ಮೂವತ್ಮೂರು ಅಂತ ಕಿವ್ಯಾಗ ಊದಿ ಊದಿ, ಕೈ ಅದನ್ನ ಬರೀತು,” ಎಂದೆ. ಏನಾಗಿದೆ ಎಂದು ವಿವರಿಸಿದೆ. ಅವರು ಅಡುಗೆಮನೆಯ ಕ್ಯಾಲೆಂಡರಿನ ಕಡೆ ನೋಡಿದರು.

“ಹಂಗಾರ ಆಯ ಬ್ಯಾಡ ಬಿಡವ್ವಾ. ಕಾಕಾಯನಾರ ಆಗಲಿ, ಕಾಗಿ ಹಂಗ ಇದ್ದೇನು. ನೆಲದ ಮ್ಯಾಲೆ ಇದ್ರ ಸಾಕು,” ಎಂದರು.

ನಾನು ಅಡುಗೆಮನೆಗೆ ಹೋಗಿ, ಸಿಟ್ಟಿನಿಂದಲೇ ಆ ಚೀಟಿಯನ್ನು ಕಿತ್ತೆ. ಕಿತ್ತಾಗ ಕಂಡಿತು. ಅಜ್ಜ ಎರಡು ಸಾಲು ಬರೆದಿದ್ದ. ಮೇಲಿನ ಸಾಲು, ‘ಜಾಗ 30-40’. ಕೆಳಗಿನದು, ‘ಮನಿ 23-33’. ಮೇಲಿನ ಸಾಲಿನ ಮೇಲೆ ಅದೇ ಪಿನ್ನಿಗೆ ಹಾಲಿನ ಲೆಕ್ಕದ ಚೀಟಿ ಚುಚ್ಚಿ ಮುಚ್ಚಿದ್ದವಳೂ ನಾನೇ. ಅದೂ ಹೋಗಲಿ, ನಾನು ಬರೆಯುವಾಗ ಕ್ರಯಪತ್ರ ತೊಡೆಯ ಮೇಲೇ ಇತ್ತು. ಮೊದಲ ಪುಟ ತಿರುವಿದ್ದರೆ ಸಾಕಿತ್ತು. ಅತ್ತೆಗೆ ಒಂದು ಸಲ ಓದಿ ಹೇಳಿದ್ದರೂ ಸಾಕಿತ್ತು. ಒಂದೊಂದು ಮೂಲೆಯ ಕಲ್ಲನ್ನೂ ತಾವೇ ನಿಂತು ಹುಗಿಸಿದ ಹೆಂಗಸು, ಅಳತೆ ಕಿವಿಗೆ ಬಿದ್ದ ಕ್ಷಣ ತಡೆಯುತ್ತಿದ್ದರು. ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಎನ್ನಲಿಲ್ಲ. ಬಾಯಿ ಬರಲಿಲ್ಲ.

ಮರುದಿನ ರಜೆ ಹಾಕಿದೆ. ಗಂಡ, ಕೆಳಮನೆಯವರು ಸೇರಿ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ ಇಳಿಸಿದರು. ಪ್ರತಿ ಮೆಟ್ಟಿಲಿಗೂ ಅತ್ತೆ “ಹುಷಾರು, ಹುಷಾರು” ಎಂದು ಹೊರುವವರನ್ನೇ ಎಚ್ಚರಿಸುತ್ತಿದ್ದರು. ಆಟೋದಲ್ಲಿ ಕಚೇರಿಗೆ ಹೋದೆವು. ವಿಷಯ ನಿರ್ವಾಹಕಿ ಅತ್ತೆಯನ್ನು ಕಂಡು ಎದ್ದು ಬಂದು, ಕುರ್ಚಿಯನ್ನು ಫ್ಯಾನಿನ ಕೆಳಗೆ ಹಾಕಿಸಿ, ಪಕ್ಕದಲ್ಲಿ ತಾನೂ ಕುಳಿತಳು.

“ಸೈಟಿನ ಅಳತಿ ಎಷ್ಟಮ್ಮಾ?”

“ಮೂವತ್ತು ನಲವತ್ತು,” ಅತ್ತೆ ತಡವರಿಸಲಿಲ್ಲ. “ಮನಿ ಇಪ್ಪತ್ಮೂರು ಮೂವತ್ಮೂರು. ನಾಲ್ಕೂ ಮೂಲಿಗೆ ಕಲ್ಲು ಅದಾವು. ಯಾರ ಜೋಡಿನೂ ತಕರಾರಿಲ್ಲ.”

“ಮತ್ತ ಇದರಾಗ ಹಿಂಗ ಬರದೈತಲ್ಲ? ಹೆಬ್ಬೆಟ್ಟು ನಿಮ್ಮದ. ಒತ್ತೋ ಮುಂದ ನಿಮಗ ಓದಿ ಹೇಳ್ಯಾರೋ ಇಲ್ಲೋ?”

ಅತ್ತೆ ನನ್ನ ಕಡೆ ನೋಡಲೇ ಇಲ್ಲ. “ಹೇಳ್ಯಾಳ ರೀ. ನನ್ನ ಸೊಸಿ ಎಲ್ಲಾ ಓದಿ ಹೇಳ್ಯಾಳ. ನನಗ ಕಿವಿ ಮಂದ, ತಪ್ಪು ಕೇಳಿಸಿಕೊಂಡೀನಿ.”

ಅವರ ಕಿವಿ ಎಂಥದೆಂದರೆ, ಕಟಾಂಜನದಲ್ಲಿ ಕೂತು ಓಣಿಯ ತುದಿಯ ಮನೆಯ ಜಗಳವನ್ನು ನನಗೆ ವರದಿ ಮಾಡುವವರು. ಅಲ್ಲಿ ಇನ್ನೂ ನಾಲ್ಕು ಜನರಿದ್ದರು, ಅದರಲ್ಲಿ ಒಬ್ಬರು ನನ್ನ ಶಾಲೆಯ ಮಗುವಿನ ತಂದೆ. “ಇಲ್ಲ ಮೇಡಂ,” ಎಂದೆ. “ನಾನು ಓದಿ ಹೇಳಿಲ್ಲ. ಕೇಳಿದ್ರು. ನಿಮಗ ತಿಳಿಯಂಗಿಲ್ಲ ಅಂದೆ. ಅಳತಿ ತಪ್ಪು ಬರದಾಕಿನೂ ನಾನ. ಅವರದು ಏನೂ ತಪ್ಪಿಲ್ಲ.”

ವಿಷಯ ನಿರ್ವಾಹಕಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

“ಖಾತಾ ತಿದ್ದುಪಡಿ ಬ್ಯಾಡ,” ಎಂದಳು. “ದಾಖಲಿ ಎಲ್ಲಾ ಸರಿ ಅದಾವು, ತಪ್ಪಿರೋದು ಬರದಿದ್ರಾಗ ಮಾತ್ರ. ಅರ್ಜಿ, ಪ್ರಮಾಣಪತ್ರ ಎರಡೂ ಹೊಸಾದು ಮಾಡಿಸ್ರಿ. ಎಂಜಿನಿಯರ್‌ಗೆ ಹೇಳಿ ಮತ್ತ ಏರಿಸ್ರಿ. ಮತ್ತ ಈ ಸಲ ಓದಿ ಹೇಳ್ರಿ.”

ಹೊರಗೆ ಬಂದಾಗ ನನಗೆ ಅಳು ಬಂತು, ಅತ್ತೂ ಬಿಟ್ಟೆ. ಅತ್ತೆ ಮಾತ್ರ ಆಟೋದಿಂದ ಕಾಲು ಇಳಿಬಿಟ್ಟು, ಚಪ್ಪಲಿ ಕಳಚಿ, ಪಾದವನ್ನು ಮಣ್ಣಿಗೆ ಊರಿ ಕೂತಿದ್ದರು. “ಅಳಬ್ಯಾಡ, ಜನ ನೋಡ್ತಾರ. ನಡಿ, ಟೈಪಿನವನು ಊಟಕ್ಕ ಹೋದಾನು,” ಎಂದರು.

ಟೈಪಿನ ಅಂಗಡಿಯ ಮುಂದೆಯೇ ಎರಡನೇ ಅರ್ಜಿಯನ್ನು ಅತ್ತೆಗೆ ಮೊದಲಿನಿಂದ ಕೊನೆಯವರೆಗೆ ಓದಿದೆ, ಒಂಬತ್ತೂ ಲಗತ್ತು ಸೇರಿಸಿ. ಸರ್ಕಾರದ ಭಾಷೆ ಅವರಿಗೆ ಚೆನ್ನಾಗಿಯೇ ತಿಳಿಯಿತು. ಅಷ್ಟೇ ಅಲ್ಲ, ಪ್ರಮಾಣಪತ್ರದಲ್ಲಿ ಕಟ್ಟಡದ ಸಾಮಗ್ರಿಯನ್ನು ರಸ್ತೆಯ ಮೇಲೆ ಹಾಕುವುದಿಲ್ಲ ಎಂಬಲ್ಲಿ ತಡೆದರು.

“ಮರಳು ಎಲ್ಲಿ ಹಾಕಬೇಕು ಮತ್ತ? ಅದನ್ನ ಕೇಳಿದ್ದೀಯೇನು?”

ಕೇಳಿರಲಿಲ್ಲ. ಸೈಟಿನ ಹಿಂಭಾಗದಲ್ಲಿ ಎಂದು ಅವರೇ ತೀರ್ಮಾನಿಸಿ, ಮೇಸ್ತ್ರಿಗೆ ಇವತ್ತೇ ಹೇಳಬೇಕು ಎಂದು ಗಂಡನಿಗೆ ಆಜ್ಞೆ ಮಾಡಿ, ಆಮೇಲೆ ನೋಟರಿಯ ಮುಂದೆ ಹೆಬ್ಬೆಟ್ಟು ಒತ್ತಿದರು.

ಮೂರು ದಿನಕ್ಕೆ ಕಚೇರಿಯ ಕಿರಿಯ ಎಂಜಿನಿಯರು ಸ್ಥಳ ತನಿಖೆಗೆ ಬಂದರು. ಟೇಪು ಹಿಡಿದು ನಾಲ್ಕೂ ಬದಿ ಅಳೆದರು, ಮುಂದಿನ ರಸ್ತೆಯ ಅಗಲ ಅಳೆದರು, ಮೇಲೆ ವಿದ್ಯುತ್ ತಂತಿ ಹಾದಿಲ್ಲವೆಂದು ನೋಡಿಕೊಂಡರು, ಫೋಟೊ ತೆಗೆದುಕೊಂಡರು. ಮೂವತ್ತು ನಲವತ್ತಕ್ಕೆ ಒಂದಿಂಚೂ ಕಡಿಮೆ ಇರಲಿಲ್ಲ. ಆಮೇಲೆ ಶುಲ್ಕದ ಚಲನ್ ಬಂತು, ಕಟ್ಟಿದೆವು. ಮತ್ತೆ ಕಾಯುವುದು. ಆ ದಿನಗಳಲ್ಲಿ ನಾನು ಫೋನು ಕೈಬಿಡಲಿಲ್ಲ, ತರಗತಿಯಲ್ಲಿ ಫೋನು ಮುಟ್ಟಿದ ಮಕ್ಕಳಿಗೆ ಬೈಯುವ ನೈತಿಕ ಹಕ್ಕೂ ಉಳಿಯಲಿಲ್ಲ.

ಆಷಾಢಕ್ಕೆ ನಾಲ್ಕು ದಿನ ಇರುವಾಗ, ಶನಿವಾರ ಮಧ್ಯಾಹ್ನ, ಎಂಜಿನಿಯರು ತಾನೇ ಮಹಡಿ ಹತ್ತಿ ಬಂದ. ಕೈಯಲ್ಲಿ ಮುಖ್ಯಾಧಿಕಾರಿಗಳ ಅನುಮೋದನೆಯ ಪರವಾನಗಿ, ಜೊತೆಗೆ ಮಂಜೂರಾದ ನಕ್ಷೆ. “ಆತ್ರಿ ಟೀಚರ್,” ಎಂದ. ಎದೆಯ ಮೇಲಿನ ಕಲ್ಲು ಇಳಿಯುವುದು ಎಂದು ಎಷ್ಟು ಸಲ ಬರೆಸಿದ್ದೇನೋ, ಅವತ್ತು ನಿಜವಾಗಿ ಇಳಿಯಿತು. ಗಂಡ ಆಗಲೇ ಮೇಸ್ತ್ರಿಗೆ ಫೋನು ಹಚ್ಚಿದ್ದರು. ಸೋಮವಾರ ಪೂಜೆ.

ಅತ್ತೆ ಕುರ್ಚಿಯನ್ನು ಹತ್ತಿರ ಎಳೆಸಿಕೊಂಡು, “ಓದು,” ಎಂದರು.

ಅವರ ಹೆಸರಿನಿಂದ ಶುರು ಮಾಡಿದೆ. ನಿವೇಶನದ ಅಳತೆ, ಕಟ್ಟಡದ ಅಳತೆ, ಎರಡಕ್ಕೂ ತಲೆ ಆಡಿಸಿದರು. ಕೆಳಗೆ ಷರತ್ತುಗಳ ಉದ್ದ ಪಟ್ಟಿ ಇತ್ತು. ಪರವಾನಗಿಯ ಪ್ರತಿಯನ್ನು ಕಟ್ಟಡದ ಸ್ಥಳದಲ್ಲಿ ಇಡಬೇಕು, ಮಂಜೂರಾದ ನಕ್ಷೆ ಮೀರಬಾರದು, ಇಂಥವು. ಆರನೆಯದಕ್ಕೆ ಬಂದು, ಎಂಜಿನಿಯರಿಗೆ ಚಹಾ ಇಡೋಣವೆಂದು ಕಾಗದ ಮಡಚಿದೆ.

“ಇಷ್ಟನಾ?” ಎಂದರು ಅತ್ತೆ.

“ಇನ್ನೂ ಅದಾವು ಅತ್ತಿ.”

“ಮತ್ತ?”

ಮಡಿಕೆ ಬಿಡಿಸಿದೆ. “ನನ್ನ ಹೆಸರು ಎಲ್ಲೈತಿ, ಅದನ್ನ ಮೊದಲು ತೋರಿಸು,” ಎಂದರು. ಅವರ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ. ಹೆಬ್ಬೆಟ್ಟಿನ ಉಗುರಿನ ಸಂದಿಯಲ್ಲಿ ಎರಡನೇ ಸಲದ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ.

“ಅತ್ತಿ, ನನ್ನದು ತಪ್ಪಾತು,” ಎಂದೆ. ಅಷ್ಟು ದಿನ ಬಾರದ ಮಾತು ಆಗ ಬಂತು.

“ಗೊತ್ತೈತಿ. ಏಳನೇದು ಓದು,” ಎಂದರು. ನಾನು ಓದಿದೆ. ಕೊನೆಯ ಷರತ್ತು ಮುಗಿಯುವವರೆಗೆ ಅವರು ತಮ್ಮ ಹೆಸರಿನ ಮೇಲಿನ ಬೆರಳನ್ನು ತೆಗೆಯಲಿಲ್ಲ.